ಆಡಿಟರ್ ರಾಜೀನಾಮೆ ಕೊಟ್ಟರೆ ಕಾರಣ ಕೇಳಿ

ಕಂಪನಿಯ ಆಡಿಟರನ್ನು ಅವಧಿಯ ನಡುವೆ ತೆಗೆದುಹಾಕುವುದು ಸುಲಭವಲ್ಲ. 2013ರ ಕಂಪನಿ ಕಾಯಿದೆ ಬೇಕೆಂದೇ ಆ ದಾರಿಯನ್ನು ದುರ್ಗಮ ಮಾಡಿದೆ. ಆದರೂ ಎಷ್ಟೋ ಆಡಿಟರುಗಳು ಅರ್ಧದಲ್ಲೇ ಹೊರಟುಬಿಡುತ್ತಾರೆ. ಅವರನ್ನು ಯಾರೂ ತೆಗೆದಿರುವುದಿಲ್ಲ, ತಾವೇ ರಾಜೀನಾಮೆ ಕೊಟ್ಟಿರುತ್ತಾರೆ. ಇದು ನಡೆಯುವ ಬಗೆಯನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡೋಣ.

ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಎನ್ನಿ. ಷೇರು ಬಂಡವಾಳ 12 ಕೋಟಿ ರೂಪಾಯಿ, ಬ್ಯಾಂಕ್ ಸಾಲ 60 ಕೋಟಿ. ಸಾಲ 50 ಕೋಟಿ ಮುಟ್ಟಿರುವುದರಿಂದ ಇಂಥ ಕಂಪನಿಗೂ ಆಡಿಟರ್ ಬದಲಾವಣೆಯ ನಿಯಮ ಅನ್ವಯಿಸುತ್ತದೆ. ಒಬ್ಬರೇ ಚಾರ್ಟರ್ಡ್ ಅಕೌಂಟೆಂಟ್ ಆದರೆ ಐದು ವರ್ಷ, ಸಂಸ್ಥೆಯಾದರೆ ಹತ್ತು ವರ್ಷ. ಆಮೇಲೆ ಐದು ವರ್ಷ ಅತ್ತ ತಲೆ ಹಾಕುವಂತಿಲ್ಲ. ಬೋರ್ಡಿನ ಹೆಸರು ಬದಲಿಸಿ ಅದೇ ಪಾಲುದಾರರು ಮತ್ತೆ ಬರುವುದಕ್ಕೂ ತಡೆ ಇದೆ. 2022ರ ವಾರ್ಷಿಕ ಮಹಾಸಭೆ ಒಂದು ಸಂಸ್ಥೆಯನ್ನು ನೇಮಿಸಿದೆ. ಅದರ ಅವಧಿ 2027ರ ಮಹಾಸಭೆ ಮುಗಿಯುವವರೆಗೆ.

ಮೂರನೆಯ ವರ್ಷ ಗೋದಾಮು ನೋಡಲು ಹೋದ ಆಡಿಟರ್ ಕಣ್ಣಿಗೆ ಧೂಳು ಹಿಡಿದ ರಾಶಿಯೊಂದು ಬೀಳುತ್ತದೆ. ಯಾರೂ ಬಳಸದ ಹಳೆಯ ಮಾದರಿಯ ಬಿಡಿಭಾಗಗಳು. ಪುಸ್ತಕದಲ್ಲಿ ಬೆಲೆ 9 ಕೋಟಿ, ಗುಜರಿಗೆ ಹಾಕಿದರೆ ಒಂದೂವರೆ ಕೋಟಿ. ಏಳೂವರೆ ಕೋಟಿ ಇಳಿಸಿ ಬರೆಯಿರಿ ಎನ್ನುತ್ತಾರೆ ಆಡಿಟರ್. ಬರೆದರೆ ಆ ವರ್ಷದ 6 ಕೋಟಿ ಲಾಭ ಒಂದೂವರೆ ಕೋಟಿ ನಷ್ಟವಾಗುತ್ತದೆ. ಜೊತೆಗೆ ಬ್ಯಾಂಕು ದಾಸ್ತಾನು ನೋಡಿ ಕೊಡುವ ಸಾಲದ ಮಿತಿಯೂ ಕುಸಿಯುತ್ತದೆ. ಮಾಲೀಕರು ಒಪ್ಪುವುದಿಲ್ಲ.

ಈಗ ಆಡಿಟರನ್ನು ತೆಗೆಯಬೇಕು. ಮೊದಲು ನಿರ್ದೇಶಕ ಮಂಡಳಿಯ ನಿರ್ಣಯ. ಅದಾದ 30 ದಿನದೊಳಗೆ ಎಡಿಟಿ-2 ನಮೂನೆಯಲ್ಲಿ ಕೇಂದ್ರ ಸರ್ಕಾರಕ್ಕೆ ಅರ್ಜಿ. ಒಪ್ಪಿಗೆ ಸಿಕ್ಕ ಮೇಲೆ 60 ದಿನದೊಳಗೆ ಷೇರುದಾರರ ಸಭೆ ಕರೆದು ವಿಶೇಷ ನಿರ್ಣಯ ಮಾಡಬೇಕು, ಅಂದರೆ ವಿರುದ್ಧ ಬಿದ್ದ ಮತಗಳ ಮೂರರಷ್ಟಾದರೂ ಪರವಾಗಿ ಬೀಳಬೇಕು. ಆಡಿಟರ್ ತನ್ನ ಮಾತು ಹೇಳಿಕೊಳ್ಳಲು ಅವಕಾಶವನ್ನೂ ಕೊಡಬೇಕು. ಆ ಮಾತೇ ಮಾಲೀಕರಿಗೆ ಬೇಡವಾದದ್ದು. ಹೇಳಲು ಬಿಟ್ಟರೆ ಗೋದಾಮಿನ ಕತೆ ಸರ್ಕಾರಿ ಕಡತ ಸೇರುತ್ತದೆ.

ಹಾಗಾಗಿ ಅವರು ಬೇರೆ ದಾರಿ ಹಿಡಿಯುತ್ತಾರೆ. ಶುಲ್ಕ ತಡವಾಗುತ್ತದೆ, ಕೇಳಿದ ಕಾಗದ ಸಿಗುವುದಿಲ್ಲ. ಕೊನೆಗೊಂದು ದಿನ, "ನೀವೇ ಬಿಟ್ಟುಬಿಡಿ ಸರ್, ಇಬ್ಬರಿಗೂ ಒಳ್ಳೆಯದು" ಎಂಬ ಮಾತು ಬರುತ್ತದೆ. ರಾಜೀನಾಮೆಗೆ ಸರ್ಕಾರದ ಒಪ್ಪಿಗೆ ಬೇಡ. ಆಡಿಟರ್ 30 ದಿನದೊಳಗೆ ಎಡಿಟಿ-3 ಸಲ್ಲಿಸಿ ಕಾರಣ ತಿಳಿಸಿದರೆ ಸಾಕು. ಆ ಕಾರಣದ ಜಾಗದಲ್ಲಿ ಅವರು ದಾಸ್ತಾನಿನ ವಿಷಯ ಬರೆದರೆ ಕಾನೂನು ಗೆದ್ದಂತೆ. ‘ಕೆಲಸದ ಒತ್ತಡ’ ಎಂದು ಬರೆದರೆ ಎಲ್ಲವೂ ಮುಚ್ಚಿಹೋಗುತ್ತದೆ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ದುರ್ಬಲ ಜಾಗ ಇದೇ.

ಷೇರುಪೇಟೆಯಲ್ಲಿರುವ ಕಂಪನಿಗಳಲ್ಲಿ ಈ ಬಿರುಕನ್ನು ಮುಚ್ಚಲು ಸೆಬಿ 2019ರ ಅಕ್ಟೋಬರಿನಲ್ಲಿ ಸುತ್ತೋಲೆ ತಂದಿತು. ವರ್ಷದ ಮೊದಲ ಮೂರು ತ್ರೈಮಾಸಿಕಗಳ ವರದಿಗೆ ಸಹಿ ಮಾಡಿದ ಆಡಿಟರ್, ಇಡೀ ವರ್ಷದ ವರದಿ ಕೊಟ್ಟೇ ಹೊರಡಬೇಕು. ಐಎಲ್ ಅಂಡ್ ಎಫ್‌ಎಸ್ ಸಮೂಹದ ಆಡಿಟರುಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಇನ್ನೊಂದು ಬಾಗಿಲು ಮುಚ್ಚಿತು: ವಂಚನೆಯ ಆರೋಪದ ಮೇಲೆ ನ್ಯಾಯಮಂಡಳಿಯಲ್ಲಿ ನಡೆಯುತ್ತಿರುವ ವಿಚಾರಣೆ, ಆಡಿಟರ್ ರಾಜೀನಾಮೆ ಕೊಟ್ಟ ಮಾತ್ರಕ್ಕೆ ನಿಲ್ಲುವುದಿಲ್ಲ. ಪೀಣ್ಯದ ನಮ್ಮ ಕಂಪನಿಗೆ ಸೆಬಿಯ ಸುತ್ತೋಲೆ ತಗಲುವುದಿಲ್ಲ.

ಅಲ್ಲಿ ಉಳಿಯುವ ಕಾವಲು ಹೊಸದಾಗಿ ಬರುವ ಆಡಿಟರ್ ಮಾತ್ರ. ಒಪ್ಪಿಕೊಳ್ಳುವ ಮೊದಲು ಅವರು ಹಳಬರಿಗೆ ಪತ್ರ ಬರೆದು ವಿಚಾರಿಸಲೇಬೇಕು. ಬರೆಯದಿದ್ದರೆ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯಿದೆಯಡಿ ಅದು ವೃತ್ತಿದೋಷ. ಅವರಾಗಲೀ ಅವರ ಪಾಲುದಾರರಾಗಲೀ ಆ ಕಂಪನಿಯ ಒಂದು ಷೇರನ್ನೂ ಇಟ್ಟುಕೊಂಡಿರಬಾರದು. ಹೆಂಡತಿ ಅಥವಾ ಅಣ್ಣ 1 ಲಕ್ಷ ರೂಪಾಯಿ ಮುಖಬೆಲೆಯವರೆಗೆ ಇಟ್ಟುಕೊಳ್ಳಬಹುದು. ಹತ್ತು ರೂಪಾಯಿ ಮುಖಬೆಲೆಯದಾದರೆ ಅದು ಹತ್ತು ಸಾವಿರ ಷೇರು, ನಿಜಬೆಲೆ ಎಷ್ಟೇ ಇರಲಿ. ಹತ್ತಿರದ ಸಂಬಂಧಿ ನಿರ್ದೇಶಕರಾಗಿದ್ದರೂ ಅವರು ಅನರ್ಹರು. ಆದರೆ ಕಾಯಿದೆಯ ಸಂಬಂಧಿಕರ ಪಟ್ಟಿಯಲ್ಲಿ ಸೋದರಮಾವನೂ ಇಲ್ಲ, ಭಾವಮೈದುನನೂ ಇಲ್ಲ. ನಮ್ಮ ಮನೆಗಳಲ್ಲಿ ಸೋದರಮಾವನ ಮಾತಿಗಿರುವ ತೂಕ ಬಲ್ಲವರಿಗೆ ಇದೆಂಥ ಕೊರತೆ ಎಂದು ಬಿಡಿಸಿ ಹೇಳಬೇಕಿಲ್ಲ.

ರಾಜೀನಾಮೆಯಿಂದ ತೆರವಾದ ಸ್ಥಾನವನ್ನು ಮಂಡಳಿ 30 ದಿನದಲ್ಲಿ ತುಂಬಬಹುದು, ಆದರೆ ಮೂರು ತಿಂಗಳೊಳಗೆ ಷೇರುದಾರರ ಸಭೆ ಅದನ್ನು ಒಪ್ಪಬೇಕು. ನಿಮ್ಮ ಕೈಗೆ ಅಂಥ ಸಭೆಯ ನೋಟಿಸ್ ಬಂದರೆ, ಹೊಸಬರ ಹೆಸರಿಗೆ ಮತ ಹಾಕುವ ಮೊದಲು ಹಳಬರ ರಾಜೀನಾಮೆ ಪತ್ರವನ್ನು ತರಿಸಿ ಓದಿ.