ಸೊಂಟದ ಕೆಳಗಿನ ಗೆರೆ

ಊರಿನ ವೃತ್ತದಲ್ಲಿ ಕಟ್ಟಿದ ಫ್ಲೆಕ್ಸ್ ನೋಡುವಾಗ ಎಲ್ಲರ ಕಣ್ಣು ಮುಖದ ಮೇಲಿರುತ್ತದೆ. ಫ್ಲೆಕ್ಸ್ ಡಿಸೈನ್ ಮಾಡುವವರ ಕಣ್ಣು ಮಾತ್ರ ಸೊಂಟಕ್ಕೆ ಇಳಿಯುತ್ತದೆ. ಅಲ್ಲಿ ಬಿಳಿ ಶರ್ಟು ಮಸುಕಾಗಿ ಮಂಜಿನಂತೆ ಕರಗಿದ್ದರೆ, ಕಟಿಂಗ್ ಮಾಡಿದವರು ಎಡವಿದ್ದಾರೆ ಎಂದೇ ಲೆಕ್ಕ.

ಫೋಟೊದಲ್ಲಿ ಸೊಂಟದವರೆಗೆ ಮಾತ್ರ ಇರುವ ವ್ಯಕ್ತಿಯ ತಲೆ, ಭುಜ, ತೋಳುಗಳ ಅಂಚು ಒಂದು ಬಗೆಯದು. ಕೂದಲು, ಬಟ್ಟೆಯ ಅಂಚು ಸ್ವಲ್ಪ ಮೆದುವಾಗಿದ್ದರೇ ಹೊಸ ಹಿನ್ನೆಲೆಗೆ ಹೊಂದುತ್ತದೆ. ಸೊಂಟದ ಕೆಳಗಿನದು ಮೈಯ ಅಂಚೇ ಅಲ್ಲ, ಕ್ಯಾಮೆರಾ ಕತ್ತರಿಸಿದ ಗೆರೆ. ಅದು ನೇರವಾಗಿ, ಗಟ್ಟಿಯಾಗಿ ಉಳಿಯಬೇಕು. ಎರಡಕ್ಕೂ ಒಂದೇ ಮದ್ದು ಹಚ್ಚಿದರೆ ಎಡವಟ್ಟು.

ಫೋಟೊಶಾಪ್‌ನಲ್ಲಿ ಪೆನ್ ಟೂಲ್ ಹಿಡಿದ ಹೊಸಬರು ಎಡತೋಳಿನ ಗುಂಟ ಇಳಿದು, ಫೋಟೊದ ತಳದ ಅಂಚಿನ ಮೇಲೇ ಒಂದು ಚುಕ್ಕೆ ಇಟ್ಟು, ಬಲಕ್ಕೆ ಇನ್ನೊಂದು ಇಡುತ್ತಾರೆ. ಆ ಎರಡು ಚುಕ್ಕೆಗಳು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ತಳದ ಸಾಲಿನ ಪಿಕ್ಸೆಲ್‌ಗಳು ಅರೆಪಾರದರ್ಶಕವಾಗುತ್ತವೆ. ಪಳಗಿದವರು ಮೊದಲು ಫೋಟೊವನ್ನು ಪರದೆಯಲ್ಲಿ ಚಿಕ್ಕದು ಮಾಡಿಕೊಳ್ಳುತ್ತಾರೆ. ಸುತ್ತಲಿನ ಬೂದು ಜಾಗ ಕಾಣುತ್ತದೆ. ತೋಳಿನಿಂದ ಇಳಿದ ಗೆರೆಯನ್ನು ಆ ಬೂದು ಜಾಗಕ್ಕೇ ಒಯ್ದು, ಹೊರಗಡೆ ಸುತ್ತಿಸಿ, ಬಲತೋಳಿನ ಬಳಿ ಒಳಗೆ ತರುತ್ತಾರೆ. Ctrl+Enter ಒತ್ತಿದಾಗ ಆಯ್ಕೆ ಫೋಟೊದ ಅಂಚಿಗೆ ತಾನಾಗಿ ನಿಲ್ಲುತ್ತದೆ. ಕೈಯಲ್ಲಿ ಎಳೆದ ಯಾವ ಗೆರೆಯೂ ಅಷ್ಟು ನೇರ ಬರದು.

ಮುಂದಿನದು ಫೆದರ್, ಅಂದರೆ ಅಂಚು ಮೆದು ಮಾಡುವ ಕೆಲಸ. ಒಂದು ಪಿಕ್ಸೆಲ್‌ನಷ್ಟು ಸಾಕು, ಆದರೆ ಅದು ಮೂಲ ಫೋಟೊದ ಫೈಲಿನಲ್ಲೇ ಮುಗಿಯಬೇಕು. ಅಲ್ಲಿ ತೆರೆಯುವ ಪೆಟ್ಟಿಗೆಯ Apply effect at canvas bounds ಎಂಬ ಆಯ್ಕೆಗೆ ಟಿಕ್ ಹಾಕದಿದ್ದರೆ ಫೋಟೊದ ತಳಕ್ಕೆ ಏನೂ ತಾಗುವುದಿಲ್ಲ. ಚಿತ್ರವನ್ನು ದೊಡ್ಡ ಫ್ಲೆಕ್ಸ್ ಫೈಲಿಗೆ ಎಳೆದು ತಂದ ಮೇಲೆ ಮಾಸ್ಕಿಗೆ ಫೆದರ್ ಕೊಟ್ಟರೆ ಕಥೆ ಬೇರೆ: ಆಗ ಸೊಂಟದ ಗೆರೆ ಕ್ಯಾನ್ವಾಸಿನ ನಡುವೆ ಇರುತ್ತದೆ, ಅದೂ ಕೂದಲಿನಂತೆಯೇ ಮಸುಕಾಗುತ್ತದೆ. ಮಂಜಿನ ಸೊಂಟಗಳು ಹುಟ್ಟುವ ಒಂದು ದಾರಿ ಇದು.

ಪರೀಕ್ಷೆ ಸುಲಭ. ಕೆಳಗೊಂದು ಕಡುಗೆಂಪು ಲೇಯರ್ ಹಾಕಿ ನಾನೂರು ಪ್ರತಿಶತಕ್ಕೆ ಹಿಗ್ಗಿಸಿದರೆ ಬಿಳಿ ಶರ್ಟಿನ ತಳದಲ್ಲಿ ಗುಲಾಬಿ ಎಳೆ ಕಂಡೀತು. ಕಂಡರೆ ಆ ಸಾಲು ಅರೆಪಾರದರ್ಶಕ. ಎರಡು ಪಿಕ್ಸೆಲ್ ಕತ್ತರಿಸಿ ಎಸೆದರೆ ಯಾರಿಗೂ ಗೊತ್ತಾಗದು.

ವ್ಯಕ್ತಿಯನ್ನು ತುಸು ವಾಲಿಸುವ ಆಸೆಯಾದರೆ ಲೆಕ್ಕ ಹಾಕಬೇಕು. ತಳದ ಗೆರೆ 2,000 ಪಿಕ್ಸೆಲ್ ಅಗಲವಿದ್ದು ಎರಡು ಡಿಗ್ರಿ ತಿರುಗಿಸಿದರೆ ಒಂದು ತುದಿ ಇನ್ನೊಂದಕ್ಕಿಂತ ಸುಮಾರು 70 ಪಿಕ್ಸೆಲ್ ಮೇಲೇರುತ್ತದೆ. ಮೇಲೆದ್ದ ತುದಿಯೂ ಮುಳುಗುವಷ್ಟು ಇಡೀ ಚಿತ್ರವನ್ನು ಬ್ಯಾನರಿನ ತಳದಿಂದ ಕೆಳಗೆ ತಳ್ಳಬೇಕು. ವ್ಯಕ್ತಿ ಬ್ಯಾನರಿನ ನಡುವೆ ನಿಲ್ಲುವಂತಿದ್ದರೆ ಮುಳುಗಿಸಲು ಜಾಗವೇ ಇಲ್ಲ. ಅದಕ್ಕೇ ಹೆಸರಿನ ಪಟ್ಟಿಯನ್ನೋ ಹೂವಿನ ಸಾಲನ್ನೋ ಸರಿಯಾಗಿ ಸೊಂಟದ ಮೇಲೆ ತಂದು ಕೂರಿಸುತ್ತಾರೆ.