ಗಿರಾಕಿಯನ್ನು ಕರೆತಂದ ಜಾಹಿರಾತು ಯಾವುದು?

ಒಂದು ವಸ್ತುವನ್ನು ಕೊಳ್ಳುವ ಮೊದಲು ಮನುಷ್ಯನು ಅದರ ಜಾಹಿರಾತನ್ನು ಹಲವು ಸಲ, ಹಲವು ಕಡೆಗಳಲ್ಲಿ ಕಂಡಿರುತ್ತಾನೆ. ಹೊಲಿಗೆಯಂತ್ರವೊಂದು ಬೇಕೆಂದಿರುವ ಗೃಹಿಣಿಯು ಮೊದಲು ವೃತ್ತಪತ್ರಿಕೆಯಲ್ಲಿ ಅದರ ಚಿತ್ರವನ್ನು ನೋಡುತ್ತಾಳೆ. ವಾರ ಕಳೆದ ಮೇಲೆ ಮೊಬೈಲಿನಲ್ಲಿ ವಿಡಿಯೋ ನೋಡುತ್ತಿರುವಾಗ ನಡುವೆ ಅದೇ ಯಂತ್ರದ ಜಾಹಿರಾತು ಬರುತ್ತದೆ. ಕೊನೆಗೊಂದು ದಿನ ಗೂಗಲಿನಲ್ಲಿ ಅಂಗಡಿಯ ಹೆಸರನ್ನು ತಾನೇ ಬರೆದು ಹುಡುಕಿ, ಮೇಲುಗಡೆ ಕಂಡ ಜಾಹಿರಾತನ್ನು ಒತ್ತಿ, ಯಂತ್ರವನ್ನು ತರಿಸಿಕೊಳ್ಳುತ್ತಾಳೆ. ವರ್ತಕನು ಈ ಮೂರಕ್ಕೂ ಹಣ ತೆತ್ತಿದ್ದಾನೆ. ಆಕೆಯನ್ನು ನಿಜವಾಗಿ ಕರೆತಂದುದು ಯಾವುದೆಂದು ಅವನು ತಿಳಿಯುವುದು ಹೇಗೆ? ಈ ಪ್ರಶ್ನೆಯನ್ನು ಕುರಿತು ಇಲ್ಲಿ ಕೊಂಚ ವಿಚಾರ ಮಾಡೋಣ.

ಲೆಕ್ಕಕ್ಕಾಗಿ ಒಬ್ಬ ವರ್ತಕನನ್ನು ಕಲ್ಪಿಸಿಕೊಳ್ಳೋಣ. ಇಪ್ಪತ್ತು ಊರುಗಳಲ್ಲಿ ಅವನ ವ್ಯಾಪಾರ. ತಿಂಗಳಿಗೆ 1000 ಯಂತ್ರಗಳು ಮಾರಾಟವಾಗುತ್ತವೆ. ತಿಂಗಳ ಕೊನೆಗೆ ವರದಿಗಳು ಬರುತ್ತವೆ. ಪತ್ರಿಕೆಯಿಂದ ಕತ್ತರಿಸಿದ ಚೀಟಿಯನ್ನು ತಂದವರು 400 ಮಂದಿ. ವಿಡಿಯೋ ಜಾಹಿರಾತನ್ನು ನೋಡಿ ಕೊಂಡವರು 600. ಹುಡುಕಾಟದ ಜಾಹಿರಾತನ್ನು ಒತ್ತಿ ಕೊಂಡವರು 700. ಒಟ್ಟು 1700! ಮಾರಾಟವಾದುದು 1000 ಮಾತ್ರ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಒಬ್ಬಳೇ ಗೃಹಿಣಿಯು ಮೂರು ಪಟ್ಟಿಗಳಲ್ಲಿಯೂ ಸೇರಿಕೊಂಡಿದ್ದಾಳೆ, ಅಷ್ಟೆ. ವರದಿಗಳ ಮೊತ್ತವು ಮಾರಾಟವನ್ನು ಮೀರಿತೆಂದರೆ ಒಬ್ಬರನ್ನೇ ಎರಡು ಮೂರು ಸಲ ಎಣಿಸಿದ್ದಾರೆಂದು ಕೂಡಲೆ ತಿಳಿಯಬಹುದು.

ಈ ತೊಡಕನ್ನು ನೀಗಲು ವ್ಯಾಪಾರಿಗಳು ಕೆಲವು ನಿಯಮಗಳನ್ನು ಮಾಡಿಕೊಂಡಿದ್ದಾರೆ. ಕೊನೆಯದಾಗಿ ಕಂಡ ಜಾಹಿರಾತಿಗೇ ಪೂರ್ತಿ ಶ್ರೇಯಸ್ಸು ಎಂಬುದು ಒಂದು. ಮೊದಲನೆಯದಕ್ಕೆ ಎಂಬುದು ಇನ್ನೊಂದು. ಎಲ್ಲಕ್ಕೂ ಸಮಪಾಲು ಎಂಬುದು ಮತ್ತೊಂದು. ನಮ್ಮ ಗೃಹಿಣಿಯ ವಿಷಯದಲ್ಲಿ ಮೊದಲನೆಯ ನಿಯಮದಂತೆ ಹುಡುಕಾಟದ ಜಾಹಿರಾತು ಗೆಲ್ಲುತ್ತದೆ, ಎರಡನೆಯದರಂತೆ ಪತ್ರಿಕೆ ಗೆಲ್ಲುತ್ತದೆ, ಮೂರನೆಯದರಂತೆ ಮೂರಕ್ಕೂ ಮೂರನೆಯ ಒಂದೊಂದು ಭಾಗ. ನಡೆದ ಸಂಗತಿಯು ಒಂದೇ, ತೀರ್ಪುಗಳು ಮೂರು. ಇವು ಲೆಕ್ಕದ ಪುಸ್ತಕವನ್ನು ಸರಿದೂಗಿಸುವ ಉಪಾಯಗಳೇ ಹೊರತು ಕಾರಣವನ್ನು ಶೋಧಿಸುವ ಉಪಾಯಗಳಲ್ಲವೆಂದು ನಾವು ಭಾವಿಸುತ್ತೇವೆ.

ಏಕೆಂದರೆ ಕೇಳಬೇಕಾದ ಪ್ರಶ್ನೆಯೇ ಬೇರೆ. ಆ ಜಾಹಿರಾತು ಇಲ್ಲದಿದ್ದರೆ ಆಕೆ ಕೊಳ್ಳುತ್ತಿರಲಿಲ್ಲವೇ? ಶಾಲೆಯ ಜವಾನನು ಬೆಳಿಗ್ಗೆ ಗಂಟೆ ಬಾರಿಸುತ್ತಾನೆ. ಗಂಟೆಯ ನಾದ ಕೇಳಿದೊಡನೆ ಮುನ್ನೂರು ಮಕ್ಕಳು ತರಗತಿಗಳಿಗೆ ನುಗ್ಗುತ್ತಾರೆ. ಈ ಮುನ್ನೂರು ಮಂದಿಯನ್ನೂ ಶಾಲೆಗೆ ಕರೆತಂದವನು ತಾನೇ ಎಂದು ಅವನು ಹೇಳಿದರೆ ಮಕ್ಕಳೇ ನಕ್ಕಾರು. ಅವರು ಆಗಲೇ ಅಂಗಳಕ್ಕೆ ಬಂದು ನಿಂತಿದ್ದರಷ್ಟೆ. ಅಂಗಡಿಯ ಹೆಸರನ್ನು ತಾನಾಗಿಯೇ ಬರೆದು ಹುಡುಕಿದ ಗೃಹಿಣಿಯೂ ಆಗಲೇ ಅಂಗಳಕ್ಕೆ ಬಂದವಳು.

ಈ ಸಂದೇಹವನ್ನು ಪ್ರಯೋಗದಿಂದ ಪರೀಕ್ಷಿಸಿದ ಪ್ರಸಿದ್ಧ ನಿದರ್ಶನವೊಂದು ಅಮೆರಿಕದಲ್ಲಿದೆ. ಈಬೇ ಎಂಬ ಅಂತರ್ಜಾಲದ ಮಾರುಕಟ್ಟೆಯು ಹುಡುಕಾಟದ ಜಾಹಿರಾತುಗಳಿಗಾಗಿ ವಿಪುಲವಾಗಿ ವೆಚ್ಚ ಮಾಡುತ್ತಿತ್ತು. ಹುಡುಕಾಟದ ಪುಟದಲ್ಲಿ ಎರಡು ಬಗೆಯ ಸಾಲುಗಳಿರುತ್ತವೆ. ಕೆಲವು ಹಣ ಕೊಟ್ಟು ಹಾಕಿಸಿದವು. ಅವನ್ನು ಒಬ್ಬರು ಒತ್ತಿದಾಗಲೆಲ್ಲ ವರ್ತಕನು ಇಷ್ಟೆಂದು ತೆರಬೇಕು. ಉಳಿದವು ಹಣವಿಲ್ಲದೆ ಸಹಜವಾಗಿ ಬರುವ ಫಲಿತಾಂಶಗಳು. 2012ರ ಮಾರ್ಚ್ ತಿಂಗಳಲ್ಲಿ ಆ ಸಂಸ್ಥೆಯು ಯಾಹೂ ಮತ್ತು ಮೈಕ್ರೋಸಾಫ್ಟಿನ ಹುಡುಕಾಟದ ಪುಟಗಳಲ್ಲಿ ತನ್ನ ಹೆಸರಿಗೆ ಬರುತ್ತಿದ್ದ ಜಾಹಿರಾತನ್ನು ನಿಲ್ಲಿಸಿ, ಗೂಗಲಿನಲ್ಲಿ ಮಾತ್ರ ಮುಂದುವರಿಸಿತು. ಫಲವೇನಾಯಿತು? ಜಾಹಿರಾತನ್ನು ಒತ್ತಿ ಬರುತ್ತಿದ್ದವರಲ್ಲಿ ನೂರಕ್ಕೆ 99.5ರಷ್ಟು ಜನ ಅದೇ ಪುಟದ ಸಹಜ ಫಲಿತಾಂಶವನ್ನು ಒತ್ತಿ ಒಳಗೆ ಬಂದರು. ಅಷ್ಟು ದಿನವೂ ಸಂಸ್ಥೆಯು ತೆತ್ತುದು ತನ್ನ ಮನೆಗೆ ತಾನೇ ಬರುತ್ತಿದ್ದವರಿಗಾಗಿ!

ಹೆಸರನ್ನು ಹಿಡಿದು ಹುಡುಕುವವರ ಮಾತು ಹಾಗಿರಲಿ. ಬರಿಯ ವಸ್ತುವಿನ ಹೆಸರನ್ನು ಬರೆದು ಹುಡುಕುವವರ ಗತಿಯೇನು? ಇದನ್ನರಿಯಲು ಅದೇ ವರ್ಷ ದೇಶದ ಪ್ರದೇಶಗಳಲ್ಲಿ ಸುಮಾರು ನೂರಕ್ಕೆ 30ರಷ್ಟನ್ನು ಚೀಟಿ ಎತ್ತಿದಂತೆ ಆರಿಸಿ, ಅಲ್ಲಿ 60 ದಿನಗಳ ಕಾಲ ಗೂಗಲಿನ ಇಂಥ ಜಾಹಿರಾತುಗಳನ್ನೂ ನಿಲ್ಲಿಸಿದರು. ನಿಲ್ಲಿಸಿದ ಕಡೆಗೂ ನಿಲ್ಲಿಸದ ಕಡೆಗೂ ಮಾರಾಟದಲ್ಲಿ ಕಂಡ ವ್ಯತ್ಯಾಸವು ಸೊನ್ನೆಗಿಂತ ಬೇರೆಯೆಂದು ನಿಶ್ಚಯಿಸಲಾಗದಷ್ಟು ಅಲ್ಪವಾಗಿತ್ತು. ಆದರೆ ಒಳಗೊಂದು ಸೂಕ್ಷ್ಮವಿತ್ತು. ಹೊಸಬರ ಮೇಲೆ, ಅಪರೂಪಕ್ಕೆ ಕೊಳ್ಳುವವರ ಮೇಲೆ ಜಾಹಿರಾತು ನಿಜವಾಗಿಯೂ ಪರಿಣಾಮ ಮಾಡಿತ್ತು. ಪದೇಪದೇ ಕೊಳ್ಳುವ ಹಳಬರ ಮೇಲೆ ಏನೂ ಇಲ್ಲ. ಹಣದ ಬಹುಭಾಗ ವ್ಯಯವಾಗುತ್ತಿದ್ದುದು ಮಾತ್ರ ಹಳಬರ ಒತ್ತುಗಳಿಗೆ. ಬ್ಲೇಕ್, ನಾಸ್ಕೋ, ಟಡೆಲಿಸ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಇದನ್ನು 2015ರಲ್ಲಿ ಎಕನಾಮೆಟ್ರಿಕಾ ಪತ್ರಿಕೆಯಲ್ಲಿ ಪ್ರಕಟಿಸಿದರು. ಈಬೇ ಆಗಲೇ ಮನೆಮಾತಾಗಿದ್ದ ಸಂಸ್ಥೆಯೆಂಬುದನ್ನು ಮರೆಯಬಾರದು. ಯಾರೂ ಅರಿಯದ ಹೊಸ ಅಂಗಡಿಗೆ ಇದೇ ತೀರ್ಪು ಅನ್ವಯಿಸಲಾರದು.

ಈಗ ನಮ್ಮ ಹೊಲಿಗೆಯಂತ್ರದ ವರ್ತಕನು ಈ ಕ್ರಮವನ್ನೇ ಅನುಸರಿಸಲಿ. ಇಪ್ಪತ್ತು ಊರುಗಳನ್ನು ಚೀಟಿ ಎತ್ತಿ ಹತ್ತು ಹತ್ತಾಗಿ ವಿಂಗಡಿಸಿದನೆನ್ನಿ. ತನಗೆ ತೋರಿದಂತೆ ಆರಿಸಕೂಡದು. ವ್ಯಾಪಾರ ಕುಂದಿದ ಊರುಗಳಲ್ಲಿಯೇ ಜಾಹಿರಾತನ್ನು ನಿಲ್ಲಿಸಿದರೆ ಕುಂದಿದ್ದು ಊರಿನಿಂದಲೋ ಜಾಹಿರಾತಿನಿಂದಲೋ ತಿಳಿಯದು. ಎರಡು ಗುಂಪುಗಳಲ್ಲಿಯೂ ಹಿಂದಿನ ತಿಂಗಳು 500 ಯಂತ್ರಗಳು ಮಾರಾಟವಾಗಿದ್ದವು. ಒಂದು ಗುಂಪಿನಲ್ಲಿ ಹುಡುಕಾಟದ ಜಾಹಿರಾತು ಒಂದು ತಿಂಗಳು ನಿಂತಿತು, ಇನ್ನೊಂದರಲ್ಲಿ ನಡೆಯಿತು. ಹಬ್ಬದ ದಿನಗಳಾದುದರಿಂದ ಜಾಹಿರಾತು ನಡೆದ ಗುಂಪಿನ ಮಾರಾಟ 550ಕ್ಕೆ ಏರಿತು. ನಿಲ್ಲಿಸಿದ ಗುಂಪಿನದೂ 528ಕ್ಕೆ ಏರಿತು. ಹಿಂದಿನ ತಿಂಗಳೊಡನೆ ಮಾತ್ರ ಹೋಲಿಸಿದರೆ ಜಾಹಿರಾತನ್ನು ನಿಲ್ಲಿಸಿದ್ದರಿಂದ ಮಾರಾಟ ಹೆಚ್ಚಿತೆಂದು ಭ್ರಮಿಸಬೇಕಾಗುತ್ತದೆ! ಜೊತೆಯ ಗುಂಪಿನೊಡನೆ ಹೋಲಿಸಿದಾಗ 22 ಯಂತ್ರಗಳು ಕಡಿಮೆಯಾದುದು ತೋರುತ್ತದೆ. ಆ ಹತ್ತು ಊರುಗಳ ಜಾಹಿರಾತಿನ ತಿಂಗಳ ವೆಚ್ಚ 17,600 ರೂಪಾಯಿ ಎನ್ನೋಣ. ವರದಿಯು ಹೇಳುವ 700ರಲ್ಲಿ ಅರ್ಧ, ಎಂದರೆ 350 ಗಿರಾಕಿಗಳನ್ನು ನಂಬಿದರೆ ತಲೆಗೆ ಸುಮಾರು 50 ರೂಪಾಯಿ. 22ನ್ನು ನಂಬಿದರೆ ತಲೆಗೆ 800 ರೂಪಾಯಿ. ಯಂತ್ರವೊಂದಕ್ಕೆ 600 ರೂಪಾಯಿ ಲಾಭವಿದ್ದರೆ ಇದು ನಷ್ಟದ ವ್ಯವಹಾರ.

ಆದರೆ 22 ಎಂಬ ಅಂಕಿಯನ್ನೂ ಪೂರ್ತಿ ನಂಬಲಾಗದು. 500ರಷ್ಟು ಮಾರಾಟವು ಯಾವ ಕಾರಣವೂ ಇಲ್ಲದೆ ಕೇವಲ ಆಕಸ್ಮಿಕವಾಗಿ ಅದರ ವರ್ಗಮೂಲದಷ್ಟು, ಅಂದರೆ 22ರಷ್ಟು, ಹೆಚ್ಚುಕಡಿಮೆಯಾಗುವುದು ಸಾಮಾನ್ಯ. ಹಿರಿಯ ತರಗತಿಗಳ ವಿದ್ಯಾರ್ಥಿಗಳು ನಾಣ್ಯವನ್ನು ನೂರು ನೂರು ಸಲ ಚಿಮ್ಮಿ ಇಂಥ ಏರಿಳಿತವನ್ನು ತಾವೇ ಕಾಣಬಹುದು. ನಿಜವಾದ ಪರಿಣಾಮವು 22 ಆಗಿರಬಹುದು, ಸೊನ್ನೆಯಾಗಿರಬಹುದು, 50 ಆಗಿರಬಹುದು. ಗುಂಪುಗಳನ್ನು ಅದಲುಬದಲು ಮಾಡಿ ಇನ್ನೂ ಕೆಲವು ತಿಂಗಳು ನೋಡದೆ ಹೇಳಲಾಗದು. ಆದರೆ 350 ಮಾತ್ರ ಅಲ್ಲ. ಅದು ನಿಜವಾಗಿದ್ದರೆ ನಿಲ್ಲಿಸಿದ ಊರುಗಳ ಮಾರಾಟವು 200ರ ಹತ್ತಿರಕ್ಕೆ ಕುಸಿಯಬೇಕಾಗಿತ್ತು. ಅಂಥ ಕುಸಿತವನ್ನು ಯಾವ ಆಕಸ್ಮಿಕವೂ ಮರೆಮಾಡಲಾರದು.

ಹುಡುಕಾಟದ ಜಾಹಿರಾತನ್ನು ಊರೂರಿಗೆ ಬೇರೆಯಾಗಿ ನಿಲ್ಲಿಸಬಹುದು. ಪತ್ರಿಕೆಯ ವಿಷಯದಲ್ಲಿ ಅದು ಸುಲಭವಲ್ಲ. ಮಂಗಳೂರಿನಲ್ಲಿ ಅಚ್ಚಾದ ಕನ್ನಡ ಪತ್ರಿಕೆಯನ್ನು ಗಡಿಯಾಚೆ ಕಾಸರಗೋಡಿನಲ್ಲಿಯೂ ಓದುತ್ತಾರೆ. ಮಂಗಳೂರಿಗೆಂದು ಹಾಕಿಸಿದ ಜಾಹಿರಾತು ಇಲ್ಲಿಗೂ ಬರುತ್ತದೆ. ಹಾಗೆ ಬಂದಾಗ ನಿಲ್ಲಿಸಿದ ಊರು ನಿಜವಾಗಿ ನಿಲ್ಲಿಸಿದಂತಾಗುವುದಿಲ್ಲ, ವ್ಯತ್ಯಾಸವು ಇರುವುದಕ್ಕಿಂತ ಕಡಿಮೆಯಾಗಿ ತೋರುತ್ತದೆ. ಆದುದರಿಂದ ಪತ್ರಿಕೆಯನ್ನು ಪರೀಕ್ಷಿಸುವ ವರ್ತಕನು ಊರುಗಳನ್ನು ವಿಂಗಡಿಸುವ ಮೊದಲು ಯಾವ ಆವೃತ್ತಿಯು ಯಾವ ಬಸ್ಸಿನಲ್ಲಿ ಎಲ್ಲಿಯವರೆಗೆ ಹೋಗುತ್ತದೆಂಬುದನ್ನು ಏಜೆಂಟರಿಂದ ಕೇಳಿ ತಿಳಿದುಕೊಳ್ಳಬೇಕಾಗುತ್ತದೆ.