ರ‍್ಯಾಕಿನ ಒಂದು ಕಾಲಿಗೆ ನಾಲ್ಕು ಟನ್

ನೆಲಮಂಗಲ ದಾಟಿ ತುಮಕೂರು ರಸ್ತೆಯಲ್ಲಿ ದಾಬಸ್‌ಪೇಟೆಯತ್ತ ಹೊರಟರೆ ಇಕ್ಕೆಲದಲ್ಲೂ ತಗಡಿನ ಎತ್ತರದ ಗೋದಾಮುಗಳು. ರಾಗಿ ಹೊಲವಾಗಿದ್ದ ಜಾಗಕ್ಕೆ ಮಣ್ಣು ತುಂಬಿ, ಮಟ್ಟ ಮಾಡಿ, ಮೇಲೆ ಕಾಂಕ್ರೀಟ್ ಹಾಸಿ ನಿಲ್ಲಿಸಿದವು ಅವುಗಳಲ್ಲಿ ಎಷ್ಟೋ. ಇಂಥದ್ದೊಂದನ್ನು ಬಾಡಿಗೆಗೆ ಹಿಡಿಯುವಾಗ ಎರಡೂ ಕಡೆಯವರು ಚದರ ಅಡಿಗೆ ಒಂದು ರೂಪಾಯಿ ಹೆಚ್ಚೋ ಕಡಿಮೆಯೋ ಎಂದು ವಾರಗಟ್ಟಲೆ ಎಳೆದಾಡುತ್ತಾರೆ. ನೆಲದ ಬಗ್ಗೆ ಕರಾರಿನಲ್ಲಿ ಇರುವುದು ಸಾಮಾನ್ಯವಾಗಿ ಒಂದೇ ಸಾಲು: ಚದರ ಮೀಟರಿಗೆ 5 ಟನ್ ಭಾರ ತಡೆಯುತ್ತದೆ. ಮುಂದೆ ಜಗಳ ಹುಟ್ಟುವುದು ಹೆಚ್ಚಾಗಿ ಈ ಸಾಲಿನಲ್ಲೇ.

ಲೆಕ್ಕಕ್ಕೊಂದು ಉದಾಹರಣೆ ನೋಡೋಣ. 30,000 ಚದರ ಅಡಿಯ ಗೋದಾಮು. ಬಾಡಿಗೆ ಚದರ ಅಡಿಗೆ 20 ರೂಪಾಯಿಯಂತೆ ತಿಂಗಳಿಗೆ 6 ಲಕ್ಷ. ಅಡ್ವಾನ್ಸ್ ಆರು ತಿಂಗಳದ್ದು, 36 ಲಕ್ಷ. ಬಾಡಿಗೆದಾರ ಟೈಲ್ಸ್ ವ್ಯಾಪಾರಿ. ಅವನ ಒಂದು ಪ್ಯಾಲೆಟ್ ಒಂದು ಟನ್ ತೂಗುತ್ತದೆ. ರ‍್ಯಾಕಿನ ಒಂದು ಅಂಕಣ 2.7 ಮೀಟರ್ ಅಗಲ. ನೆಲದ ಮೇಲೆ ಎರಡು ಪ್ಯಾಲೆಟ್, ಅದರ ಮೇಲೆ ನಾಲ್ಕು ಅಂತಸ್ತು, ಅಂತಸ್ತಿಗೆ ಎರಡೆರಡು. ಒಟ್ಟು 10 ಟನ್. ರ‍್ಯಾಕ್ ಕೂತ ಜಾಗ ಸುಮಾರು 3 ಚದರ ಮೀಟರ್. ಭಾಗಿಸಿದರೆ ಚದರ ಮೀಟರಿಗೆ 3.3 ಟನ್ ಬಂತು, 5ರ ಒಳಗೇ ಇದೆ. ಮಾಲೀಕನಿಗೂ ನೆಮ್ಮದಿ, ವ್ಯಾಪಾರಿಗೂ ನೆಮ್ಮದಿ.

ಆದರೆ ಸರಕು ನೆಲದ ಮೇಲೆ ಹಾಸಿಕೊಂಡಿಲ್ಲ, ಕಾಲುಗಳ ಮೇಲೆ ನಿಂತಿದೆ. ನೆಲದಲ್ಲಿರುವ ಎರಡನ್ನು ಬಿಟ್ಟರೆ ಉಳಿದ 8 ಟನ್ ಕಂಬಗಳ ಮೂಲಕವೇ ಇಳಿಯಬೇಕು. ಎರಡು ಅಂಕಣಗಳ ನಡುವಿನ ಕಂಬದ ಜೋಡಿ ಎರಡೂ ಕಡೆಯಿಂದ ಅರ್ಧರ್ಧ ಹೊರುತ್ತದೆ. ಅಲ್ಲಿಗೆ ಒಂದೊಂದು ಕಾಲಿಗೆ 4 ಟನ್. ರ‍್ಯಾಕಿನ ಸ್ವಂತ ತೂಕ ಬೇರೆ. ಆ ಕಾಲಿನ ಕೆಳಗಿರುವ ಉಕ್ಕಿನ ತಟ್ಟೆ ಅಂಗೈಯಷ್ಟು, 12 ಸೆಂಟಿಮೀಟರ್ ಚೌಕ ಎನ್ನಿ. ಬೆನ್ನಿಗೆ ಬೆನ್ನು ಹಚ್ಚಿದ ಸಾಲುಗಳಲ್ಲಿ ಇನ್ನೊಂದು ರ‍್ಯಾಕಿನ ಕಾಲೂ ಒಂದು ಗೇಣು ದೂರದಲ್ಲೇ ಇರುತ್ತದೆ. ಅಂದರೆ ಒಂದು ಗೇಣಿನೊಳಗೆ 8 ಟನ್. ಮೊಳೆಯ ತುದಿಯೂ ಮಂಚದ ಕಾಲೂ ನೆಲವನ್ನು ಒತ್ತುವ ರೀತಿ ಬೇರೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಕರಾರು ಬರೆಯುವಾಗ ಮಾತ್ರ ಮರೆತುಹೋಗುತ್ತದೆ.

ಈ ಭಾರ ತಡೆಯುವುದು ಹಾಸಿನ ದಪ್ಪ, ಕಾಂಕ್ರೀಟಿನ ಗುಣ ಮತ್ತು ಕೆಳಗಿನ ಮಣ್ಣು ಎಷ್ಟು ಗಟ್ಟಿಯಾಗಿ ದಮ್ಮಸ್ಸಾಗಿದೆ ಎಂಬುದರ ಮೇಲೆ. ತುಂಬಿದ ಮಣ್ಣು ಸಡಿಲವಾಗಿದ್ದರೆ ಹಾಸು ಒಂದೇ ಸಲಕ್ಕೆ ಮುರಿಯುವುದಿಲ್ಲ, ನಿಧಾನವಾಗಿ ಕೂರುತ್ತದೆ. ಮೊದಲು ಗೊತ್ತಾಗುವುದು ಫೋರ್ಕ್‌ಲಿಫ್ಟ್ ಓಡಿಸುವವನಿಗೆ: ಕಾಂಕ್ರೀಟಿನಲ್ಲಿ ಕೊಯ್ದ ಜಾಯಿಂಟ್ ದಾಟುವಾಗ ಚಕ್ರ ‘ದಡ್’ ಎನ್ನುತ್ತದೆ. ಆಮೇಲೆ ಜಾಯಿಂಟಿನ ಅಂಚು ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಕಂಬದ ಬುಡದಿಂದ ಜಾಯಿಂಟಿನ ಮೂಲೆಗೆ ಓರೆಯಾದ ಬಿರುಕು ಓಡುತ್ತದೆ. ಅಷ್ಟರಲ್ಲಿ ಗಾರೆಯವರ ತೂಕದಗುಂಡನ್ನು ಮೇಲಿನಿಂದ ಇಳಿಬಿಟ್ಟು ನೋಡಿದರೆ ಕಂಬ ವಾಲಿರುವುದು ಕಾಣುತ್ತದೆ. ಕಾಲಿನ ಕೆಳಗೆ ತಗಡಿನ ತುಂಡು ಕೊಟ್ಟು ಮಟ್ಟ ಮಾಡುವುದುಂಟು. ಸಣ್ಣ ಏರುಪೇರಿಗೆ ಅದು ಸರಿ, ಕೂರುತ್ತಲೇ ಇರುವ ನೆಲಕ್ಕಲ್ಲ.

ಆದ್ದರಿಂದ ಕರಾರಿನಲ್ಲಿ ಇರಬೇಕಾದ ಅಂಕಿ ಎರಡು: ಚದರ ಮೀಟರಿನ ಭಾರ, ಒಂದು ಕಾಲಿನ ಭಾರ. ಎರಡನೆಯದರ ಜೊತೆಗೆ ಕಾಲುಗಳ ನಡುವಿನ ಅಂತರ ಮತ್ತು ತಟ್ಟೆಯ ಅಳತೆಯನ್ನೂ ಬರೆಯಬೇಕು. ರ‍್ಯಾಕಿನ ನಕ್ಷೆಯನ್ನು ಮಾಲೀಕನ ಎಂಜಿನಿಯರ್ ನೋಡಿ ಸಹಿ ಹಾಕಿದರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ನೆಲ ಬಿರುಕು ಬಿಟ್ಟ ದಿನ ‘ನೀವು ಜಾಸ್ತಿ ಹೇರಿದಿರಿ’ ಎಂದು ಇವನು, ‘ನಿಮ್ಮ ಮಣ್ಣೇ ಸರಿಯಿಲ್ಲ’ ಎಂದು ಅವನು.

ಲಾರಿಯ ವಿಷಯ ಇಷ್ಟು ಸೂಕ್ಷ್ಮವಲ್ಲ, ಆದರೂ ತಪ್ಪುವವರು ಬಹಳ. ಕರಾರಿನ ಷೆಡ್ಯೂಲಿನಲ್ಲಿ ಗೋದಾಮಿನ ನಾಲ್ಕು ಗೋಡೆ ಮಾತ್ರ ಬರೆದಿರುತ್ತದೆ. ಮುಂದಿನ ಅಂಗಳ ಯಾರದು? 32 ಅಡಿಯ ಕಂಟೇನರ್ ಲಾರಿ ತಿರುಗಿ, ಹಿಂದಕ್ಕೆ ಬಂದು ಡಾಕಿಗೆ ಬೆನ್ನು ಕೊಡಲು ಎದುರಿಗೆ ಲಾರಿಯ ಉದ್ದಕ್ಕಿಂತ ಹೆಚ್ಚೇ ಜಾಗ ಬೇಕು. ಪಕ್ಕದ ಗೋದಾಮಿನವರು ಅಲ್ಲೇ ತಮ್ಮ ಗಾಡಿ ನಿಲ್ಲಿಸಿದರೆ ಇವರ ಹಮಾಲರು ಕೈಕಟ್ಟಿ ಕೂರಬೇಕು, ಲಾರಿಯವರು ಹಾಲ್ಟಿಂಗ್ ಚಾರ್ಜ್ ಕೇಳುತ್ತಾರೆ. ಗೇಟಿನಿಂದ ಹೆದ್ದಾರಿಗೆ ಹೋಗುವ ದಾರಿ ಬೇರೊಬ್ಬರ ಸರ್ವೆ ನಂಬರಿನಲ್ಲಿ ಹಾದುಹೋಗುತ್ತದೆಯೇ ಎಂಬುದನ್ನು ಸಹಿಗೆ ಮೊದಲೇ ನೋಡಬೇಕು. ಡಾಕಿನ ಸಂಖ್ಯೆ, ಅಂಗಳದ ಹಕ್ಕು, ರಾತ್ರಿ ಲೋಡಿಂಗಿಗೆ ಅನುಮತಿ ಇವಿಷ್ಟೂ ಕಾಗದದಲ್ಲಿರಲಿ. ಖಾಲಿ ಲಾರಿಯೊಂದನ್ನು ಕರೆತಂದು ಒಮ್ಮೆ ತಿರುಗಿಸಿ ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ವಿಮೆಯಲ್ಲಿ ಸಾಮಾನ್ಯ ಪದ್ಧತಿ ಹೀಗೆ: ಕಟ್ಟಡಕ್ಕೆ ಮಾಲೀಕ ಮಾಡಿಸುತ್ತಾನೆ, ಸರಕಿಗೆ ಬಾಡಿಗೆದಾರ. ಕೇಳಲು ಸರಳ. ಆದರೆ ಬಾಡಿಗೆದಾರನ ಚಾರ್ಜರಿನಿಂದ ಬೆಂಕಿ ಹೊತ್ತಿತು ಎನ್ನಿ. ಮಾಲೀಕನ ವಿಮಾ ಕಂಪನಿ ಅವನಿಗೆ ಪರಿಹಾರ ಕೊಟ್ಟು, ಅದೇ ಹಣವನ್ನು ವಸೂಲು ಮಾಡಲು ಬಾಡಿಗೆದಾರನ ಬಾಗಿಲಿಗೆ ಬರಬಹುದು. ಆ ಹಕ್ಕನ್ನು ಕಂಪನಿ ಬಿಟ್ಟುಕೊಡುವಂತೆ ಕರಾರಿನಲ್ಲೂ ಪಾಲಿಸಿಯಲ್ಲೂ ಬರೆಸಬೇಕು; ಕರಾರಿನಲ್ಲಿ ಮಾತ್ರ ಇದ್ದರೆ ಸಾಲದು. ಸರಕಿನ ವಿಮೆಯಲ್ಲಿ ಇನ್ನೊಂದು ಪೆಟ್ಟು ಕಾದಿರುತ್ತದೆ. 4 ಕೋಟಿಯ ಸರಕಿಗೆ 3 ಕೋಟಿಗಷ್ಟೇ ವಿಮೆ ಮಾಡಿಸಿ, 1 ಕೋಟಿಯ ಮಾಲು ಸುಟ್ಟರೆ ಸಿಗುವುದು 1 ಕೋಟಿಯಲ್ಲ, 75 ಲಕ್ಷ. ವಿಮೆ ಮುಕ್ಕಾಲು ಪಾಲಿಗಿದ್ದರೆ ಪರಿಹಾರವೂ ಮುಕ್ಕಾಲು ಪಾಲೇ. ದೀಪಾವಳಿಗೆ ಮೊದಲು ಗೋದಾಮು ತುಂಬಿ ತುಳುಕುವ ವ್ಯಾಪಾರಗಳಲ್ಲಿ ಇದು ಸುಲಭವಾಗಿ ಆಗಿಹೋಗುತ್ತದೆ.

ಇನ್ನು ಖಾಲಿ ಮಾಡುವ ದಿನ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಬಾಡಿಗೆದಾರ ತಾನು ಕೂರಿಸಿದ್ದನ್ನು ಬಿಚ್ಚಿಕೊಂಡು ಹೋಗಬಹುದು, ಆದರೆ ಜಾಗವನ್ನು ಪಡೆದಾಗ ಇದ್ದ ಸ್ಥಿತಿಯಲ್ಲೇ ಬಿಡಬೇಕು. ಸಹಜ ಸವೆತಕ್ಕೆ ವಿನಾಯಿತಿ ಉಂಟು. ಟೈರಿನ ಕಪ್ಪು ಗುರುತು ಸವೆತ ಎನ್ನಬಹುದು. ಬೋಲ್ಟಿನ ತೂತು ಸವೆತವೇ? ಯಾವ ಮಾಲೀಕನೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ನಮ್ಮ ಟೈಲ್ಸ್ ವ್ಯಾಪಾರಿಯ ಹತ್ತಿರ ಇಪ್ಪತ್ತು ಸಾಲು, ಸಾಲಿಗೆ ಹತ್ತು ಅಂಕಣ. ಹತ್ತು ಅಂಕಣಕ್ಕೆ ಹನ್ನೊಂದು ಜೋಡಿ ಕಂಬ, ಒಟ್ಟು 440 ಕಾಲು, ಕಾಲಿಗೆ ಎರಡು ಬೋಲ್ಟು. ನೆಲದಲ್ಲಿ 880 ತೂತು. ರ‍್ಯಾಕ್ ಬಿಚ್ಚುವ ತಂಡಕ್ಕೆ ಅವಸರ. ಗ್ರೈಂಡರ್ ಹಚ್ಚಿ ಬೋಲ್ಟಿನ ತಲೆ ಕೊಯ್ದು ಹೋಗುತ್ತಾರೆ. ಎರಡು ಮಿಲಿಮೀಟರ್ ಮೇಲೆ ಉಳಿದ ಆ ಮೊಂಡು ಮುಂದಿನ ಬಾಡಿಗೆದಾರನ ಫೋರ್ಕ್‌ಲಿಫ್ಟ್ ಟೈರನ್ನು ಸೀಳುತ್ತದೆ. ಕೆಲವರು ಮೇಲೆ ಸಿಮೆಂಟ್ ಗಾರೆ ಮೆತ್ತುತ್ತಾರೆ. ಅದು ಒಣಗುವಾಗ ಕುಗ್ಗಿ, ಚಕ್ರ ಓಡಾಡುತ್ತಿದ್ದಂತೆ ಬಿಲ್ಲೆಯಂತೆ ಎದ್ದುಬರುತ್ತದೆ. ಸರಿಯಾದ ಕೆಲಸವೆಂದರೆ ಮೊಂಡನ್ನು ಮೇಲ್ಮೈಯಿಂದ ಸ್ವಲ್ಪ ಕೆಳಕ್ಕೆ ಕೊಯ್ದು ಅಥವಾ ಪೂರ್ತಿ ಕಿತ್ತು, ತೂತಿನ ಧೂಳನ್ನು ಗಾಳಿ ಹೊಡೆದು ತೆಗೆದು, ಎಪಾಕ್ಸಿ ಗ್ರೌಟ್ ತುಂಬಿ, ಮಟ್ಟಕ್ಕೆ ಉಜ್ಜುವುದು. ಇವೆರಡರಲ್ಲಿ ಯಾವುದು ಎಂಬುದನ್ನೂ ಕರಾರಿನಲ್ಲೇ ಬರೆದಿಡಬೇಕು. ಕೀಳುವುದಕ್ಕೂ ಕೊಯ್ಯುವುದಕ್ಕೂ ಖರ್ಚಿನಲ್ಲಿ ತುಂಬಾ ಅಂತರ.

‘ಪಡೆದಾಗ ಇದ್ದ ಸ್ಥಿತಿ’ ಯಾವುದೆಂದು ಐದು ವರ್ಷದ ನಂತರ ನೆನಪಿರುವುದು ಯಾರಿಗೆ? ಕೀಲಿ ಕೈಸೇರಿದ ದಿನವೇ ಖಾಲಿ ನೆಲವನ್ನು ಚೌಕ ಚೌಕವಾಗಿ ಫೋಟೊ ತೆಗೆದು, ಇದ್ದ ಬಿರುಕುಗಳನ್ನು ನಕ್ಷೆಯಲ್ಲಿ ಗುರುತಿಸಿ, ಇಬ್ಬರೂ ಸಹಿ ಹಾಕಿ ಕರಾರಿಗೆ ಲಗತ್ತಿಸುವುದಕ್ಕೆ ಅರ್ಧ ದಿನ ಸಾಕು. ಅಂದಹಾಗೆ, ಒಂದು ವರ್ಷಕ್ಕೆ ಮೀರಿದ ಗುತ್ತಿಗೆ ನೋಂದಣಿಯಾಗಬೇಕು. ಬರೀ ಸ್ಟ್ಯಾಂಪ್ ಪೇಪರಿನಲ್ಲಿ ಬರೆದ ಐದು ವರ್ಷದ ಕರಾರಿನ ಷರತ್ತುಗಳು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

880 ತೂತು ತುಂಬಲು, ತುಂಬಿದ್ದು ಗಟ್ಟಿಯಾಗಲು ದಿನಗಳು ಬೇಕು. ಅಷ್ಟು ದಿನ ಗೋದಾಮು ಖಾಲಿ, ಕೀಲಿ ಮಾತ್ರ ಬಾಡಿಗೆದಾರನ ಕೈಯಲ್ಲೇ. ದಿನಕ್ಕೆ 20,000 ರೂಪಾಯಿಯ ಬಾಡಿಗೆ ಓಡುತ್ತಿರುತ್ತದೆ. ಆದ್ದರಿಂದ ಬಲ್ಲ ವ್ಯಾಪಾರಿಗಳು ರ‍್ಯಾಕ್ ಬಿಚ್ಚುವ ಕೆಲಸವನ್ನು ಅವಧಿ ಮುಗಿಯುವ ಒಂದು ತಿಂಗಳು ಮೊದಲೇ, ಒಂದು ಮೂಲೆಯ ಸಾಲಿನಿಂದ ಶುರು ಮಾಡಿರುತ್ತಾರೆ.